ಎಷ್ಟು ತಪ್ಪಿತು, ಯಾವ ಕಡೆಗೆ ತಪ್ಪಿತು

ಮುನ್ನಂದಾಜಿನ ಲೆಕ್ಕ ಕಲಿಯುವವರು ಒಮ್ಮೆಯಾದರೂ ಕೈಯಾಡಿಸುವ ಹಳೆಯ ಪಟ್ಟಿಯೊಂದಿದೆ. 1949ರ ಜನವರಿಯಿಂದ 1960ರ ಡಿಸೆಂಬರ್‌ವರೆಗೆ ಪ್ರತಿ ತಿಂಗಳು ಅಂತರರಾಷ್ಟ್ರೀಯ ವಿಮಾನಗಳಲ್ಲಿ ಎಷ್ಟು ಸಾವಿರ ಜನ ಪ್ರಯಾಣಿಸಿದರು ಎಂಬುದನ್ನು ಹೇಳುವ 144 ಅಂಕಿಗಳ ಪಟ್ಟಿ ಅದು. ಜಾರ್ಜ್ ಬಾಕ್ಸ್ ಮತ್ತು ಗ್ವಿಲಿಮ್ ಜೆಂಕಿನ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1970ರಲ್ಲಿ ಹೊರತಂದ ಪುಸ್ತಕದಲ್ಲಿ ಇದನ್ನು ಬಳಸಿಕೊಂಡ ಮೇಲೆ ಪಟ್ಟಿ ಜಗತ್ತಿನ ತರಗತಿಗಳನ್ನೆಲ್ಲ ಹೊಕ್ಕಿತು. ಇವತ್ತಿಗೂ R ಎಂಬ ಉಚಿತ ತಂತ್ರಾಂಶ ತೆರೆದು `AirPassengers` ಎಂದು ಟೈಪ್ ಮಾಡಿದರೆ ಇಡೀ ಪಟ್ಟಿ ಪರದೆಯ ಮೇಲೆ ಬರುತ್ತದೆ.

ಕಾರ್ಖಾನೆಯ ಯೋಜನಾ ವಿಭಾಗದಲ್ಲಿ, ಹಾಲಿನ ಡಿಪೊದಲ್ಲಿ, ಬಟ್ಟೆ ಅಂಗಡಿಯಲ್ಲಿ ಕೂತು ಮುಂದಿನ ತಿಂಗಳು ಎಷ್ಟು ಮಾಲು ಬೇಕಾದೀತು ಎಂದು ಯೋಚಿಸುವವರ ಮುಂದಿರುವ ಪ್ರಶ್ನೆಯೇ ಈ ಪಟ್ಟಿಯಲ್ಲೂ ಇದೆ. ಅಂದಾಜು ಮಾಡಲು ನಾಲ್ಕಾರು ವಿಧಾನಗಳಿವೆ. ಅವುಗಳಲ್ಲಿ ಯಾವುದನ್ನು ನಂಬುವುದು? ಕಂಪನಿಗಳಲ್ಲಿ ಇದಕ್ಕೆ ಎರಡು ಅಳತೆಗಳು ಬಳಕೆಯಲ್ಲಿವೆ. ಒಂದು, ಸರಾಸರಿ ಶೇಕಡಾ ತಪ್ಪು. ಸಭೆಗಳಲ್ಲಿ ಇದನ್ನು ‘ಮೇಪ್’ ಎನ್ನುತ್ತಾರೆ. ಇನ್ನೊಂದು ‘ಬಯಾಸ್’, ಅಂದರೆ ಅಂದಾಜು ಒಂದೇ ಕಡೆಗೆ ವಾಲುವ ಗುಣ. ಇವೆರಡರಲ್ಲಿ ಒಂದನ್ನೇ ನೋಡಿ ವಿಧಾನ ಆರಿಸಿದರೆ ಏನಾಗುತ್ತದೆ ಎಂಬುದನ್ನು ವಿಮಾನ ಪ್ರಯಾಣಿಕರ ಈ ಅಂಕಿಗಳು ಬಹಳ ಚೆನ್ನಾಗಿ ತೋರಿಸಿಕೊಡುತ್ತವೆ.

1960ರ ಹನ್ನೆರಡು ತಿಂಗಳನ್ನು ಮುಚ್ಚಿಟ್ಟು, ಅದಕ್ಕಿಂತ ಹಿಂದಿನ ಅಂಕಿಗಳನ್ನಷ್ಟೇ ಕೈಯಲ್ಲಿಟ್ಟುಕೊಂಡು ಅಂದಾಜು ಮಾಡಬೇಕು ಎಂದುಕೊಳ್ಳೋಣ. ಮೊದಲ ವಿಧಾನ ಎಲ್ಲರಿಗೂ ಗೊತ್ತಿರುವಂಥದ್ದು: ಹೋದ ವರ್ಷ ಇದೇ ತಿಂಗಳು ಎಷ್ಟಿತ್ತೋ ಈ ವರ್ಷವೂ ಅಷ್ಟೇ. 1959ರ ಜುಲೈನಲ್ಲಿ 548 ಸಾವಿರ ಜನ ಹಾರಿದ್ದರು, ಹಾಗಾಗಿ 1960ರ ಜುಲೈಗೂ 548 ಸಾವಿರ. ಎರಡನೆಯದು ಹಿಂದಿನ ಮೂರು ತಿಂಗಳ ಸರಾಸರಿ. ಏಪ್ರಿಲ್, ಮೇ, ಜೂನ್‌ಗಳ ಅಂಕಿಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಜುಲೈನ ಅಂದಾಜು ಸಿಗುತ್ತದೆ. ತಿಂಗಳು ಮುಗಿದಂತೆ ಹಳೆಯದೊಂದನ್ನು ಬಿಟ್ಟು ಹೊಸದೊಂದನ್ನು ಸೇರಿಸಿಕೊಂಡು ಮುಂದೆ ಹೋಗುವುದು. ಮೂರನೆಯದು ಮೊದಲನೆಯದರ ಮೇಲೆ ಬೆಳವಣಿಗೆಯನ್ನು ಸೇರಿಸುತ್ತದೆ. 1958ರಲ್ಲಿ ಒಟ್ಟು 4,572 ಸಾವಿರ, 1959ರಲ್ಲಿ 5,140 ಸಾವಿರ ಪ್ರಯಾಣಿಕರು. ಅಂದರೆ ಶೇ 12.4ರಷ್ಟು ಏರಿಕೆ. ಆದ್ದರಿಂದ 1959ರ ಪ್ರತಿ ತಿಂಗಳ ಅಂಕಿಯನ್ನೂ ಶೇ 12.4ರಷ್ಟು ಹೆಚ್ಚಿಸಿ 1960ಕ್ಕೆ ಬರೆದುಕೊಳ್ಳುವುದು.

ಈಗ ಮುಚ್ಚಿಟ್ಟ ಅಂಕಿಗಳನ್ನು ತೆರೆಯೋಣ. 1960ರ ಜುಲೈನಲ್ಲಿ ನಿಜಕ್ಕೂ ಬಂದವರು 622 ಸಾವಿರ. ಮೊದಲ ವಿಧಾನ 548 ಎಂದಿತ್ತು, 74 ಸಾವಿರದ ತಪ್ಪು. ಅದು 622ರ ಶೇ 11.9. ಹೀಗೆ ಪ್ರತಿ ತಿಂಗಳೂ ತಪ್ಪನ್ನು ಆ ತಿಂಗಳ ನಿಜವಾದ ಅಂಕಿಯಿಂದ ಭಾಗಿಸಿ, ಹೆಚ್ಚೋ ಕಡಿಮೆಯೋ ಎಂಬುದನ್ನು ಲೆಕ್ಕಿಸದೆ ಗಾತ್ರವನ್ನಷ್ಟೇ ತೆಗೆದುಕೊಂಡು, ಹನ್ನೆರಡರ ಸರಾಸರಿ ಮಾಡಿದರೆ ಮೇಪ್ ಸಿಕ್ಕಿತು. ಮೊದಲ ವಿಧಾನಕ್ಕೆ ಅದು ಶೇ 10. ಮೂರು ತಿಂಗಳ ಸರಾಸರಿಗೆ ಶೇ 13.4. ಬೆಳವಣಿಗೆ ಸೇರಿಸಿದ ವಿಧಾನಕ್ಕೆ ಶೇ 3ಕ್ಕಿಂತ ಒಂದು ಕೂದಲೆಳೆ ಕಡಿಮೆ.

ಇಲ್ಲಿಗೇ ನಿಲ್ಲಿಸಿದರೆ ಕೆಲಸ ಮುಗಿದಂತೆ ಕಾಣುತ್ತದೆ. ಮೂರನೆಯದು ಗೆದ್ದಿತು, ಮೊದಲನೆಯದು ಎರಡನೇ ಸ್ಥಾನ, ಮೂರು ತಿಂಗಳ ಸರಾಸರಿ ಕೊನೆಯದು. ಆದರೆ ತಪ್ಪಿನ ಗಾತ್ರವನ್ನು ಅಳೆಯುವಾಗ ನಾವು ಅದರ ದಿಕ್ಕನ್ನು ಬೇಕೆಂದೇ ಅಳಿಸಿಹಾಕಿದ್ದೇವೆ. ಅದನ್ನು ಮರಳಿ ತಂದರೆ ಚಿತ್ರ ಬೇರೆಯಾಗುತ್ತದೆ.

ದಿಕ್ಕಿನ ಲೆಕ್ಕ ಗಾತ್ರದ ಲೆಕ್ಕಕ್ಕಿಂತ ಸುಲಭ. ಪ್ರತಿ ತಿಂಗಳು ನಿಜವಾದ ಅಂಕಿಯಿಂದ ಅಂದಾಜನ್ನು ಕಳೆಯಬೇಕು, ಬಂದ ಉತ್ತರವನ್ನು ಕೂಡು ಕಳೆಯುವ ಚಿಹ್ನೆಯ ಸಮೇತ ಸೇರಿಸುತ್ತ ಹೋಗಬೇಕು. ಕೊನೆಗೆ ಕೂಡು ಉಳಿದರೆ ಒಟ್ಟಾರೆ ಕಡಿಮೆ ಅಂದಾಜಿಸಿದ್ದೇವೆ, ಕಳೆಯುವುದು ಉಳಿದರೆ ಹೆಚ್ಚು ಅಂದಾಜಿಸಿದ್ದೇವೆ. (ಕೆಲವು ಕಂಪನಿಗಳು ಅಂದಾಜಿನಿಂದ ನಿಜವನ್ನು ಕಳೆಯುತ್ತವೆ, ಆಗ ಚಿಹ್ನೆಗಳು ಅದಲುಬದಲಾಗುತ್ತವೆ. ಒಂದೇ ಕಂಪನಿಯ ಎರಡು ವಿಭಾಗಗಳು ಎರಡು ರೀತಿ ಮಾಡುತ್ತಿದ್ದರೆ, ‘ಬಯಾಸ್ ಪ್ಲಸ್ ಎಂಟು’ ಎಂಬ ಮಾತಿಗೆ ಒಬ್ಬರು ಉತ್ಪಾದನೆ ಹೆಚ್ಚಿಸಬೇಕೆಂದೂ ಇನ್ನೊಬ್ಬರು ತಗ್ಗಿಸಬೇಕೆಂದೂ ಅರ್ಥ ಮಾಡಿಕೊಳ್ಳುತ್ತಾರೆ. ವರದಿಯ ತಲೆಬರಹದಲ್ಲೇ ಇದನ್ನು ಬರೆದಿಡುವುದು ಒಳ್ಳೆಯದು.)

ಹೋದ ವರ್ಷದ ಅಂಕಿಯನ್ನೇ ಬರೆದುಕೊಂಡ ಮೊದಲ ವಿಧಾನ ಹನ್ನೆರಡಕ್ಕೆ ಹನ್ನೆರಡು ತಿಂಗಳೂ ಕಡಿಮೆ ಹೇಳಿತ್ತು. ಮಾರ್ಚ್‌ನಲ್ಲಿ 13 ಸಾವಿರ ಕಡಿಮೆ, ಏಪ್ರಿಲ್‌ನಲ್ಲಿ 65 ಸಾವಿರ ಕಡಿಮೆ. ಹೀಗೆ ವರ್ಷಕ್ಕೆ 574 ಸಾವಿರ. ಇದು ವರ್ಷದ ಒಟ್ಟು ಪ್ರಯಾಣಿಕರ ಶೇ 10. ಮೇಪ್ ಕೂಡ ಶೇ 10 ಇತ್ತಲ್ಲ? ಅಂದರೆ ಈ ವಿಧಾನ ಮಾಡಿದ ತಪ್ಪೆಲ್ಲ ಒಂದೇ ಕಡೆಯದು. ಮೂರು ತಿಂಗಳ ಸರಾಸರಿಯ ಕಥೆ ಇದಕ್ಕೆ ತೀರಾ ವಿರುದ್ಧ. ಅದರ ಮೇಪ್ ಎಲ್ಲಕ್ಕಿಂತ ಕೆಟ್ಟದ್ದು, ಆದರೆ ವರ್ಷದ ಕೊನೆಗೆ ದಿಕ್ಕಿನ ಲೆಕ್ಕ ಕೂಡಿದರೆ ಉಳಿಯುವುದು 64 ಸಾವಿರ, ಬರೀ ಶೇ 1.1. ಬಯಾಸ್ ಒಂದನ್ನೇ ನೋಡುವ ಮ್ಯಾನೇಜರ್ ಇದಕ್ಕೆ ಸಂತೋಷದಿಂದ ಸಹಿ ಹಾಕಿಬಿಟ್ಟಾರು.

ಆ ಶೇ 1.1ರ ಒಳಗೆ ಏನಿದೆ ಎಂದು ಬಿಡಿಸಿ ನೋಡಬೇಕು. ಮೂರು ತಿಂಗಳ ಸರಾಸರಿ ಯಾವತ್ತೂ ಕಾಲಕ್ಕಿಂತ ಹಿಂದೆ ಇರುತ್ತದೆ. ಬೇಸಿಗೆ ರಜೆಯ ಪ್ರಯಾಣ ಏರತೊಡಗಿದಾಗ ಅದು ಇನ್ನೂ ವಸಂತದ ಅಂಕಿಗಳನ್ನು ಸರಾಸರಿ ಮಾಡುತ್ತಿರುತ್ತದೆ. ರಜೆ ಮುಗಿದು ಜನ ಮನೆ ಸೇರಿದಾಗ ಅದು ಜುಲೈ, ಆಗಸ್ಟ್‌ಗಳ ಗುಂಗಿನಲ್ಲಿರುತ್ತದೆ. 1960ರ ಜೂನ್, ಜುಲೈ, ಆಗಸ್ಟ್ ಸೇರಿ 280 ಸಾವಿರ ಕಡಿಮೆ ಅಂದಾಜಿಸಿತು. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಸೇರಿ 332 ಸಾವಿರ ಹೆಚ್ಚು ಅಂದಾಜಿಸಿತು. ನವೆಂಬರ್ ಒಂದರಲ್ಲೇ 390 ಸಾವಿರ ಜನ ಬಂದ ಕಡೆ 525 ಸಾವಿರಕ್ಕೆ ಸಿದ್ಧತೆ! ಕಾಗದದ ಮೇಲೆ ಇವೆರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಜುಲೈನಲ್ಲಿ ಸೀಟು ಸಿಗದೆ ಹಿಂದಿರುಗಿದವರನ್ನು ನವೆಂಬರ್‌ನ ಖಾಲಿ ಸೀಟಿನಲ್ಲಿ ಕೂರಿಸಲು ಬರುವುದಿಲ್ಲ.

ಸೋಪು, ಸಿಮೆಂಟಿನಂತೆ ಸ್ವಲ್ಪ ಕಾಲ ಇಟ್ಟುಕೊಳ್ಳಬಹುದಾದ ಮಾಲಿಗೆ ಈ ಹೊಂದಾಣಿಕೆ ತಕ್ಕಮಟ್ಟಿಗೆ ನಡೆದೀತು, ಗೋದಾಮಿನ ಬಾಡಿಗೆ ಕೊಟ್ಟರೆ ಆಯಿತು. ಮಜ್ಜಿಗೆ ಪ್ಯಾಕೆಟ್ಟಿಗೆ, ಹೂವಿಗೆ, ಬಸ್ಸಿನ ಸೀಟಿಗೆ ನಡೆಯದು. ಆದ್ದರಿಂದ ಬಯಾಸ್ ಸೊನ್ನೆಯ ಹತ್ತಿರ ಇದೆ ಎಂದ ಮಾತ್ರಕ್ಕೆ ಅಂದಾಜು ಚೆನ್ನಾಗಿದೆ ಎಂದರ್ಥವಲ್ಲ. ಅದು ಯಾವ ಅವಧಿಯ ಮೇಲೆ ಕೂಡಿದ ಬಯಾಸ್ ಎಂಬುದನ್ನೂ, ಆ ಅವಧಿಯಷ್ಟು ಮಾಲು ಉಳಿಯುತ್ತದೆಯೇ ಎಂಬುದನ್ನೂ ಕೇಳಬೇಕು.

ಎರಡು ಅಳತೆಗಳನ್ನು ಒಟ್ಟಿಗೆ ಇಟ್ಟಾಗ ಸಿಗುವ ಇನ್ನೊಂದು ತಿಳಿವಳಿಕೆ ಇದೆ, ಬಹುಶಃ ಅದೇ ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರತಿ ತೂಕದಲ್ಲೂ ಐವತ್ತು ಗ್ರಾಂ ಕಡಿಮೆ ತೋರಿಸುವ ತಕ್ಕಡಿಯನ್ನು ಸರಿಪಡಿಸಬಹುದು, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತೋರಿಸುತ್ತ ಓಲಾಡುವ ತಕ್ಕಡಿಯನ್ನು ಹಾಗೆ ಸರಿಪಡಿಸಲಾಗದು. ಮೊದಲ ವಿಧಾನದ ತಪ್ಪು ಒಂದೇ ಕಡೆಗಿತ್ತು. ಹಾಗಿದ್ದ ಮೇಲೆ ಅದಕ್ಕೆ ಏನೋ ಒಂದು ಸೇರಿಸುವುದು ಬಾಕಿ ಉಳಿದಿದೆ ಎಂದಾಯಿತು. ಬೆಳವಣಿಗೆಯನ್ನು ಸೇರಿಸಿದ್ದೇ ತಡ, ಶೇ 10 ಇದ್ದ ಮೇಪ್ ಶೇ 3ಕ್ಕೆ ಇಳಿಯಿತು. ಮೂರು ತಿಂಗಳ ಸರಾಸರಿಗೆ ಎಷ್ಟೇ ಶೇಕಡಾ ಸೇರಿಸಿದರೂ ಕಳೆದರೂ ಜುಲೈ ಸುಧಾರಿಸಿದರೆ ನವೆಂಬರ್ ಕೆಡುತ್ತದೆ. ಅದಕ್ಕೆ ಋತುಮಾನವೇ ಗೊತ್ತಿಲ್ಲ. ಮೇಪ್ ದೊಡ್ಡದಾಗಿ ಬಯಾಸ್ ಚಿಕ್ಕದಾಗಿದ್ದರೆ ವಿಧಾನವನ್ನೇ ಬದಲಿಸಬೇಕು. ಎರಡೂ ಸರಿಸಮವಾಗಿ ದೊಡ್ಡದಾಗಿದ್ದರೆ ಮೊದಲು ಸರಿಪಡಿಸಲು ನೋಡಬೇಕು.

ಇಷ್ಟಾದ ಮೇಲೂ ಮೂರನೆಯ ವಿಧಾನಕ್ಕೆ ಪಟ್ಟ ಕಟ್ಟುವುದು ಅವಸರವಾದೀತು. ನಾವು ನೋಡಿದ್ದು ಒಂದೇ ವರ್ಷ. ಇದೇ ಪರೀಕ್ಷೆಯನ್ನು ಎರಡು ವರ್ಷ ಹಿಂದಕ್ಕೆ ಒಯ್ದು, 1958ನ್ನು ಮುಚ್ಚಿಟ್ಟು ನೋಡಬೇಕು. 1956ರಿಂದ 1957ಕ್ಕೆ ಪ್ರಯಾಣಿಕರು ಶೇ 12.2ರಷ್ಟು ಹೆಚ್ಚಾಗಿದ್ದರು. ಬೆಳವಣಿಗೆಯ ವಿಧಾನ ಅದನ್ನೇ ನಂಬಿ 1958ಕ್ಕೆ 4,962 ಸಾವಿರ ಎಂದಿತು. ಬಂದವರು 4,572 ಸಾವಿರ. ಈ ಬಾರಿ ಹನ್ನೆರಡು ತಿಂಗಳೂ ಹೆಚ್ಚು ಅಂದಾಜು, ಮೇಪ್ ಶೇ 8.7. ಏನನ್ನೂ ಸೇರಿಸದೆ ಹೋದ ವರ್ಷದ ಅಂಕಿಯನ್ನು ನಕಲು ಮಾಡಿದ ಮೊದಲ ವಿಧಾನದ ಮೇಪ್ ಆ ವರ್ಷ ಬರೀ ಶೇ 3.1! 1957ರ ಆಗಸ್ಟ್‌ನಿಂದ 1958ರ ಏಪ್ರಿಲ್‌ವರೆಗೆ ಅಮೆರಿಕದಲ್ಲಿ ಆರ್ಥಿಕ ಹಿಂಜರಿತವಿತ್ತು. ಪ್ರಯಾಣದ ಏರಿಕೆ ಶೇ 3.4ಕ್ಕೆ ಕುಸಿದದ್ದು ಅದೇ ಹೊತ್ತಿನಲ್ಲಿ. ಹಿಂದಿನ ವರ್ಷದ ಏರಿಕೆ ಹಾಗೇ ಮುಂದುವರಿಯುತ್ತದೆ ಎಂದು ಕಣ್ಣುಮುಚ್ಚಿ ನಂಬಿದ ವಿಧಾನಕ್ಕೆ ಪೆಟ್ಟು ಬಿತ್ತು. 1959ರಲ್ಲಿ ಮತ್ತೆ ಪೆಟ್ಟು, ಈ ಬಾರಿ ಇನ್ನೊಂದು ಕಡೆಯಿಂದ: ಹಿಂಜರಿತದ ವರ್ಷದ ಶೇ 3.4ನ್ನು ಸೇರಿಸಿ ಅಂದಾಜಿಸಿದರೆ ಜನ ಶೇ 12.4ರಷ್ಟು ಹೆಚ್ಚಾಗಿದ್ದರು. ಮೇಪ್ ಶೇ 8, ಹನ್ನೆರಡು ತಿಂಗಳೂ ಕಡಿಮೆ ಅಂದಾಜು.

ಇಲ್ಲೊಂದು ಬಲೆ ಇದೆ. ಬೆಳವಣಿಗೆಯ ವಿಧಾನ 1958ರಲ್ಲಿ 390 ಸಾವಿರ ಹೆಚ್ಚು ಹೇಳಿತು, 1959ರಲ್ಲಿ 412 ಸಾವಿರ ಕಡಿಮೆ ಹೇಳಿತು, 1960ರಲ್ಲಿ 65 ಸಾವಿರ ಹೆಚ್ಚು ಹೇಳಿತು. ಮೂರೂ ವರ್ಷಗಳ ದಿಕ್ಕಿನ ಲೆಕ್ಕ ಕೂಡಿದರೆ ಉಳಿಯುವುದು 43 ಸಾವಿರ, ಒಂದೂವರೆ ಕೋಟಿಗೂ ಮೀರಿದ ಪ್ರಯಾಣಿಕರಲ್ಲಿ ಶೇ 0.3. ಮೂರು ವರ್ಷದ ಸಾರಾಂಶದಲ್ಲಿ ‘ಬಯಾಸ್ ಇಲ್ಲ’ ಎಂದು ಬರೆದರೆ ಅದು ಸುಳ್ಳಲ್ಲ, ಆದರೆ ಅದನ್ನು ಓದಿದವರಿಗೆ ಎರಡು ಇಡೀ ವರ್ಷ ಅಂದಾಜು ಒಂದೇ ಕಡೆ ವಾಲಿಕೊಂಡಿತ್ತು ಎಂಬುದು ಗೊತ್ತೇ ಆಗುವುದಿಲ್ಲ.

ಈ ಕಾರಣಕ್ಕೆ ಬಯಾಸನ್ನು ವರ್ಷಾಂತ್ಯಕ್ಕೆ ಕೂಡುವ ಬದಲು ತಿಂಗಳು ತಿಂಗಳೂ ಕೂಡುತ್ತ ಹೋಗುವ ಪದ್ಧತಿ ಬೆಳೆದಿದೆ. ಅದನ್ನು ಟ್ರ್ಯಾಕಿಂಗ್ ಸಿಗ್ನಲ್ ಎನ್ನುತ್ತಾರೆ. ಇಲ್ಲಿಯವರೆಗಿನ ತಪ್ಪುಗಳನ್ನು ಚಿಹ್ನೆಯ ಸಮೇತ ಕೂಡಿ, ಬಂದದ್ದನ್ನು ತಪ್ಪಿನ ಸರಾಸರಿ ಗಾತ್ರದಿಂದ ಭಾಗಿಸುವುದು. ಅಂದಾಜು ಎರಡೂ ಕಡೆಗೆ ತಪ್ಪುತ್ತಿದ್ದರೆ ಉತ್ತರ ಸೊನ್ನೆಯ ಆಸುಪಾಸಿನಲ್ಲಿ ಇರುತ್ತದೆ. ಒಂದೇ ಕಡೆ ವಾಲತೊಡಗಿದರೆ ಏರುತ್ತ ಹೋಗುತ್ತದೆ. ಕೂಡು ನಾಲ್ಕು ಅಥವಾ ಕಳೆಯುವ ನಾಲ್ಕು ಮುಟ್ಟಿದರೆ ಎಚ್ಚರಿಕೆಯ ಗಂಟೆ ಎಂಬುದು ಸಾಮಾನ್ಯ ರೂಢಿ. 1958ರಲ್ಲಿ ಬೆಳವಣಿಗೆಯ ವಿಧಾನದ ಜನವರಿ ತಪ್ಪು ಸುಮಾರು 14 ಸಾವಿರ, ಫೆಬ್ರವರಿ 20, ಮಾರ್ಚ್ 38, ಏಪ್ರಿಲ್ 43. ಎಲ್ಲವೂ ಹೆಚ್ಚು ಅಂದಾಜಿನ ತಪ್ಪುಗಳು. ನಾಲ್ಕನ್ನೂ ಕೂಡಿ ಅವುಗಳ ಸರಾಸರಿಯಿಂದಲೇ ಭಾಗಿಸಿದರೆ ಬರುವುದು ಸರಿಯಾಗಿ ನಾಲ್ಕು. ಏಪ್ರಿಲ್ ಮುಗಿಯುವ ಹೊತ್ತಿಗೇ ಗಂಟೆ ಬಾರಿಸುತ್ತಿತ್ತು, ಬೇಸಿಗೆಯ ದಟ್ಟಣೆಗೆ ಇನ್ನೂ ಒಂದು ತಿಂಗಳು ಇರುವಾಗ.

ಗಂಟೆ ಕೇಳಿಸಿದವರು ಏನು ಮಾಡಬಹುದಿತ್ತು? ಇಡೀ ವರ್ಷದ ಹಳೆಯ ಬೆಳವಣಿಗೆ ದರಕ್ಕೆ ಜೋತುಬೀಳದೆ ತೀರಾ ಈಚಿನ ಮೂರು ತಿಂಗಳನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳ ಜೊತೆ ಹೋಲಿಸಿ ದರ ತೆಗೆದುಕೊಳ್ಳುವುದು ಒಂದು ದಾರಿ. ಜುಲೈ ಅಂದಾಜಿಸಬೇಕಾದರೆ ಈ ವರ್ಷದ ಏಪ್ರಿಲ್, ಮೇ, ಜೂನ್‌ಗಳ ಮೊತ್ತವನ್ನು ಹೋದ ವರ್ಷದ ಅದೇ ತಿಂಗಳುಗಳ ಮೊತ್ತದಿಂದ ಭಾಗಿಸಿ, ಬಂದ ಅನುಪಾತದಿಂದ ಹೋದ ವರ್ಷದ ಜುಲೈಯನ್ನು ಗುಣಿಸುವುದು. ಋತುಮಾನವೂ ಉಳಿಯಿತು, ಬೆಳವಣಿಗೆಯೂ ತಾಜಾ ಆಯಿತು. ಈ ನಾಲ್ಕನೆಯ ವಿಧಾನವನ್ನು ಮೂರೂ ವರ್ಷಗಳ ಮೇಲೆ ಓಡಿಸಿದರೆ ಮೇಪ್ ಕ್ರಮವಾಗಿ ಶೇ 3.2, ಶೇ 3.6, ಶೇ 3.3. ಬಯಾಸ್ ಯಾವ ವರ್ಷವೂ ಎರಡೂ ಕಾಲು ಶೇಕಡಾ ದಾಟಲಿಲ್ಲ. 1960 ಒಂದನ್ನೇ ನೋಡಿದ್ದರೆ ಇದು ಮೂರನೆಯ ವಿಧಾನಕ್ಕಿಂತ ತುಸು ಹಿಂದೆ ಬೀಳುತ್ತಿತ್ತು, ನಾವು ಇದನ್ನು ಬದಿಗೆ ಸರಿಸಿಬಿಡುತ್ತಿದ್ದೆವು.

ಆದರೆ ಈ ಗೆಲುವಿನಲ್ಲೂ ಒಂದು ಅನ್ಯಾಯ ಅಡಗಿದೆ, ಅದನ್ನು ಹೇಳದೆ ಮುಂದೆ ಹೋಗಬಾರದು. ಹೋದ ವರ್ಷದ ಅಂಕಿ ಮತ್ತು ವರ್ಷದ ಬೆಳವಣಿಗೆ ಬಳಸುವ ವಿಧಾನಗಳು ಜನವರಿ ಒಂದನೇ ತಾರೀಕಿಗೇ ಡಿಸೆಂಬರ್‌ವರೆಗಿನ ಅಂದಾಜನ್ನು ಕೊಟ್ಟುಬಿಡುತ್ತವೆ. ನಾಲ್ಕನೆಯದು ಜುಲೈನ ಅಂದಾಜು ಕೊಡುವುದು ಜೂನ್ ಮುಗಿದ ಮೇಲೆ. ಒಂದು ತಿಂಗಳು ಮುಂದಿನದನ್ನು ಹೇಳುವುದು ಹನ್ನೆರಡು ತಿಂಗಳು ಮುಂದಿನದನ್ನು ಹೇಳುವುದಕ್ಕಿಂತ ಸುಲಭವೇ ಸರಿ. ಹೆಚ್ಚುವರಿ ವಿಮಾನ ಬಾಡಿಗೆಗೆ ಪಡೆಯಲು, ಸಿಬ್ಬಂದಿಗೆ ತರಬೇತಿ ಕೊಡಲು ಆರು ತಿಂಗಳು ಬೇಕೆನ್ನುವ ಕಂಪನಿಗೆ ಜೂನ್ ಕೊನೆಯಲ್ಲಿ ಸಿಗುವ ನಿಖರ ಅಂದಾಜು ಏನೂ ಉಪಯೋಗವಿಲ್ಲ. ಆದ್ದರಿಂದ ಬೇಡಿಕೆ ಯೋಜನೆಯಲ್ಲಿ ಮೇಪ್ ಹೇಳುವಾಗ ಎಷ್ಟು ಮುಂಚಿತವಾಗಿ ಮಾಡಿದ ಅಂದಾಜಿನ ಮೇಪ್ ಎಂದು ಜೊತೆಗೇ ಹೇಳಬೇಕು. ಕಚ್ಚಾಮಾಲಿಗೆ ಆರ್ಡರ್ ಕೊಟ್ಟ ದಿನದಿಂದ ಅದು ಬಾಗಿಲಿಗೆ ಬರುವವರೆಗೆ ಎರಡು ತಿಂಗಳು ಹಿಡಿಯುವುದಾದರೆ, ಎಲ್ಲ ವಿಧಾನಗಳೂ ಎರಡು ತಿಂಗಳು ಮೊದಲು ಏನು ಹೇಳಿದ್ದವು ಎಂಬುದನ್ನೇ ಪಕ್ಕಪಕ್ಕದಲ್ಲಿಟ್ಟು ತೂಗಬೇಕು.

ಅಂಕಿಗಳ ನಡುವೆ ಒಂದು ತಿಂಗಳು ಮಾತ್ರ ಹಟ ಹಿಡಿದಂತೆ ನಿಂತಿದೆ: 1960ರ ಮಾರ್ಚ್. ಮೂರನೆಯ ವಿಧಾನ ಅಲ್ಲಿ ಶೇ 9ರಷ್ಟು, ನಾಲ್ಕನೆಯದು ಶೇ 13ರಷ್ಟು ಹೆಚ್ಚು ಹೇಳಿ ಎಡವಿದವು. ಮರುತಿಂಗಳು ಎರಡೂ ಕಡಿಮೆ ಹೇಳಿದವು. ಕ್ಯಾಲೆಂಡರ್ ತೆರೆದರೆ ಕಾರಣ ಸಿಗುತ್ತದೆ. 1959ರಲ್ಲಿ ಈಸ್ಟರ್ ಹಬ್ಬ ಬಂದದ್ದು ಮಾರ್ಚ್ 29ಕ್ಕೆ, 1960ರಲ್ಲಿ ಏಪ್ರಿಲ್ 17ಕ್ಕೆ. ಹಬ್ಬದ ಪ್ರಯಾಣ ಒಂದು ತಿಂಗಳಿಂದ ಇನ್ನೊಂದಕ್ಕೆ ಜಾರಿತ್ತು. ‘ಹೋದ ವರ್ಷ ಇದೇ ತಿಂಗಳು’ ಎಂಬ ಆಧಾರವೇ ಅಲ್ಲಿ ಸಡಿಲವಾಗಿತ್ತು. ನಮ್ಮಲ್ಲಿ ಇದು ಇನ್ನೂ ಹೆಚ್ಚು. 2023ರ ದೀಪಾವಳಿ ನವೆಂಬರ್ ಎರಡನೇ ವಾರದಲ್ಲಿತ್ತು, 2025ರದ್ದು ಅಕ್ಟೋಬರ್ ಮೂರನೇ ವಾರದಲ್ಲಿ. ಪಟಾಕಿ, ಸಿಹಿತಿಂಡಿ, ಬಟ್ಟೆ ಮಾರುವವರು ಇಂಗ್ಲಿಷ್ ತಿಂಗಳುಗಳನ್ನು ಕಣ್ಣುಮುಚ್ಚಿ ಹೋಲಿಸಿದರೆ ಒಂದು ತಿಂಗಳ ಮೇಪ್ ಹಾರಿಹೋಗುತ್ತದೆ, ಮರುತಿಂಗಳ ವಿರುದ್ಧ ತಪ್ಪು ಬಯಾಸನ್ನು ಸರಿದೂಗಿಸಿ ಏನೂ ಆಗಿಲ್ಲ ಎನ್ನುವಂತೆ ತೋರಿಸುತ್ತದೆ. ಹಬ್ಬದ ಹಿಂದಿನ ಮೂರು ವಾರಗಳನ್ನು ಹೋದ ವರ್ಷದ ಹಬ್ಬದ ಹಿಂದಿನ ಮೂರು ವಾರಗಳ ಜೊತೆ ಹೋಲಿಸಿದರೆ ಈ ತೊಂದರೆ ಇಲ್ಲ.

ಇಷ್ಟೆಲ್ಲ ಆದರೂ ವಿಮಾನದ ಅಂಕಿಗಳು ಮೇಪ್‌ಗೆ ತುಂಬ ಅನುಕೂಲಕರ, ಏಕೆಂದರೆ ಅವು ದೊಡ್ಡವು. ಮೇಪ್ ನಿಜವಾಗಿ ದಾರಿ ತಪ್ಪಿಸುವುದು ಚಿಲ್ಲರೆ ಅಂಕಿಗಳಲ್ಲಿ. ತಾಲ್ಲೂಕು ಕೇಂದ್ರದ ಒಂದು ಪಂಪ್‌ಸೆಟ್ ಬಿಡಿಭಾಗದ ಅಂಗಡಿಯನ್ನು ಊಹಿಸಿಕೊಳ್ಳಿ. ಒಂದು ಬಗೆಯ ಬೇರಿಂಗ್ ಐದು ವಾರಗಳಲ್ಲಿ 1, 10, 2, 12, 5 ಹೀಗೆ ಮಾರಾಟವಾಯಿತು. ಒಟ್ಟು 30, ವಾರಕ್ಕೆ ಸರಾಸರಿ 6. ಪ್ರತಿ ವಾರ 6 ಎಂದು ಅಂದಾಜಿಸಿದವರ ಮೇಪ್ ಎಷ್ಟು ಗೊತ್ತೇ? ಶೇ 162. ಮೊದಲ ವಾರ ಒಂದೇ ಮಾರಾಟವಾಯಿತಲ್ಲ, ಐದರ ತಪ್ಪನ್ನು ಒಂದರಿಂದ ಭಾಗಿಸಿದರೆ ಆ ವಾರದ್ದೇ ಶೇ 500. ಈಗ ಪ್ರತಿ ವಾರ ಬರೀ 2 ಎಂದು ಅಂದಾಜಿಸಿದವರನ್ನು ನೋಡಿ. ಅವರ ಮೇಪ್ ಶೇ 65! ಮೇಪ್ ನಂಬಿ ಆರಿಸಿದರೆ ಎರಡನೆಯವರೇ ಗೆದ್ದರು. ಅವರ ಮಾತು ಕೇಳಿ ಐದು ವಾರಕ್ಕೆ ಹತ್ತೇ ಬೇರಿಂಗ್ ತರಿಸಿದ್ದರೆ ಮೂವತ್ತು ಗಿರಾಕಿಗಳಲ್ಲಿ ಇಪ್ಪತ್ತು ಜನ ಬರಿಗೈಯಲ್ಲಿ ವಾಪಸ್ಸಾಗುತ್ತಿದ್ದರು, ಅದೂ ಬೆಳೆ ಒಣಗುವ ಹೊತ್ತಿನಲ್ಲಿ.

ಇದು ಆಕಸ್ಮಿಕವಲ್ಲ, ಲೆಕ್ಕದ ಗುಣವೇ ಹಾಗೆ. ಕಡಿಮೆ ಅಂದಾಜಿಸಿದವರ ತಪ್ಪು ಎಷ್ಟು ದೊಡ್ಡದಾದರೂ ಶೇ 100 ಮೀರುವುದಿಲ್ಲ, ಏಕೆಂದರೆ ಸೊನ್ನೆಗಿಂತ ಕೆಳಗೆ ಯಾರೂ ಅಂದಾಜಿಸುವುದಿಲ್ಲ. ಹೆಚ್ಚು ಅಂದಾಜಿಸಿದವರಿಗೆ ಮಾತ್ರ ಮಿತಿಯೇ ಇಲ್ಲ. ಹಾಗಾಗಿ ಏರಿಳಿತ ಹೆಚ್ಚಿರುವ ಮಾಲಿನಲ್ಲಿ ಮೇಪ್ ಸದ್ದಿಲ್ಲದೆ ಜಿಪುಣ ಅಂದಾಜಿನ ಪಕ್ಷ ವಹಿಸುತ್ತದೆ. ಒಂದು ವಾರ ಮಾರಾಟ ಸೊನ್ನೆಯಾದರಂತೂ ಭಾಗಿಸಲಿಕ್ಕೇ ಬರುವುದಿಲ್ಲ; ಕೆಲವರು ಆ ವಾರವನ್ನೇ ಲೆಕ್ಕದಿಂದ ಕೈಬಿಡುತ್ತಾರೆ, ಅದು ಇನ್ನೊಂದು ಬಗೆಯ ವಂಚನೆ. ಮೋಸವನ್ನು ಹಿಡಿದುಕೊಡುವುದು ಬಯಾಸ್. ಪ್ರತಿ ವಾರ 2 ಎಂದವರು ಮೂವತ್ತಕ್ಕೆ ಇಪ್ಪತ್ತು, ಅಂದರೆ ಶೇ 67ರಷ್ಟು ಕಡಿಮೆ ವಾಲಿದ್ದಾರೆ; 6 ಎಂದವರ ವಾಲಿಕೆ ಸೊನ್ನೆ.

ಇಂಥ ಮಾಲಿಗೆ ಮೇಪ್ ಬದಲು ಬೇರೊಂದು ಲೆಕ್ಕವಿದೆ: ಎಲ್ಲ ವಾರಗಳ ತಪ್ಪಿನ ಗಾತ್ರಗಳನ್ನು ಮೊದಲು ಕೂಡಿ, ಆಮೇಲೆ ಒಟ್ಟು ಮಾರಾಟದಿಂದ ಒಂದೇ ಸಲ ಭಾಗಿಸುವುದು. ಹಾಗೆ ಮಾಡಿದರೆ 6 ಎಂದವರ ತಪ್ಪು ಮೂವತ್ತಕ್ಕೆ ಇಪ್ಪತ್ತು, 2 ಎಂದವರದು ಮೂವತ್ತಕ್ಕೆ ಇಪ್ಪತ್ತೆರಡು. ಸರದಿ ಸರಿಹೋಯಿತು. ಎರಡೂ ತಪ್ಪುಗಳು ದೊಡ್ಡವೇ ಎಂಬುದೂ ಕಣ್ಣಿಗೆ ಬಿತ್ತು: ಈ ಬೇರಿಂಗ್‌ಗೆ ಒಳ್ಳೆಯ ಅಂದಾಜು ಸಿಗುವುದು ಕಷ್ಟ, ಸ್ವಲ್ಪ ಹೆಚ್ಚುವರಿ ದಾಸ್ತಾನು ಇಟ್ಟುಕೊಳ್ಳುವುದೇ ದಾರಿ.

ಈ ಲೆಕ್ಕಗಳಿಗೆ ದೊಡ್ಡ ತಂತ್ರಾಂಶವೇನೂ ಬೇಡ. ಎಕ್ಸೆಲ್ ಹಾಳೆಯ B ಕಾಲಮ್‌ನಲ್ಲಿ ಹನ್ನೆರಡು ತಿಂಗಳ ನಿಜವಾದ ಮಾರಾಟ, C ಕಾಲಮ್‌ನಲ್ಲಿ ಆಗ ಮಾಡಿದ್ದ ಅಂದಾಜು ಇದ್ದರೆ ಮೂರು ಸಾಲು ಸಾಕು. ಮೊದಲನೆಯದು ಮೇಪ್, ಎರಡನೆಯದು ಒಟ್ಟು ಮಾರಾಟದಿಂದ ಭಾಗಿಸಿದ ತಪ್ಪು, ಮೂರನೆಯದು ಬಯಾಸ್:

```
=SUMPRODUCT(ABS(B2:B13-C2:C13)/B2:B13)/12
=SUMPRODUCT(ABS(B2:B13-C2:C13))/SUM(B2:B13)
=(SUM(B2:B13)-SUM(C2:C13))/SUM(B2:B13)
```

C ಕಾಲಮ್‌ನಲ್ಲಿ ಇರಬೇಕಾದದ್ದು ಆಗ ಮಾಡಿದ್ದ ಅಂದಾಜು, ಆಮೇಲೆ ತಿದ್ದಿದ್ದಲ್ಲ. ತಿಂಗಳು ನಡೆಯುತ್ತಿರುವಾಗ ಅಂದಾಜನ್ನು ತಿದ್ದಿ ಹಳೆಯದರ ಮೇಲೆ ಬರೆದುಬಿಟ್ಟರೆ ಮೇಪ್ ಅದ್ಭುತವಾಗಿ ಕಾಣುತ್ತದೆ, ಅದರಿಂದ ಕಲಿಯಲು ಏನೂ ಉಳಿದಿರುವುದಿಲ್ಲ. ಅಂದಾಜು ಮಾಡಿದ ದಿನವೇ ಅದರ ಪ್ರತಿಯೊಂದನ್ನು ತಾರೀಕು ಹಾಕಿ ಎತ್ತಿಡಬೇಕು.

B ಕಾಲಮ್‌ನಲ್ಲೂ ಒಂದು ತೊಡಕಿದೆ. ಅಲ್ಲಿ ನಾವು ಬರೆಯುವುದು ಮಾರಾಟ, ನಮಗೆ ಬೇಕಾಗಿರುವುದು ಬೇಡಿಕೆ. ಡಿಪೊದಲ್ಲಿ 200 ಪೆಟ್ಟಿಗೆ ಇತ್ತು, ಅಷ್ಟೂ ಮಧ್ಯಾಹ್ನದೊಳಗೆ ಖಾಲಿಯಾಯಿತು ಎಂದರೆ ಪುಸ್ತಕದಲ್ಲಿ 200 ಎಂದು ದಾಖಲಾಗುತ್ತದೆ. ಅಂದಾಜೂ 200 ಇದ್ದಿದ್ದರೆ ತಪ್ಪು ಸೊನ್ನೆ, ಬಯಾಸ್ ಸೊನ್ನೆ. ಸಂಜೆ ಬಂದು ಕೇಳಿ ಹೋದವರ ಲೆಕ್ಕ ಎಲ್ಲೂ ಇಲ್ಲ. ಕಡಿಮೆ ಅಂದಾಜಿಸಿ, ಅಷ್ಟೇ ಮಾಲು ತರಿಸಿ, ಅಷ್ಟೇ ಮಾರಿ, ನಮ್ಮ ಅಂದಾಜು ನಿಖರ ಎಂದುಕೊಳ್ಳುವ ಈ ಸುಳಿಯಿಂದ ಹೊರಬರಲು ಮಾಲು ಖಾಲಿಯಾದ ದಿನಗಳನ್ನು ಗುರುತು ಹಾಕಿಟ್ಟು, ಆ ದಿನಗಳನ್ನು ಹೋಲಿಕೆಯಿಂದ ಬೇರ್ಪಡಿಸುವುದೊಂದೇ ಉಪಾಯ. ಎಲ್ಲ ಅಂಗಡಿಗಳ ಬಯಾಸ್ ಅನುಮಾನಾಸ್ಪದವಾಗಿ ಸೊನ್ನೆಗೆ ಅಂಟಿಕೊಂಡಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಅಂದಾಜನ್ನು ಸೂತ್ರಗಳ ಬದಲು ಜನ ಮಾಡುವ ಕಡೆ ವಾಲಿಕೆಗೆ ಬೇರೆಯದೇ ಮೂಲಗಳಿರುತ್ತವೆ. ಗುರಿ ಮುಟ್ಟಿದರೆ ಬೋನಸ್ ಎಂಬ ನಿಯಮವಿದ್ದರೆ ಮಾರಾಟ ವಿಭಾಗ ಕಡಿಮೆ ಹೇಳುತ್ತದೆ. ಮಾಲು ಸಿಗುವುದು ಕಷ್ಟವಾಗಿದ್ದರೆ ಅದೇ ವಿಭಾಗ ತನ್ನ ಪಾಲು ಕಾಯ್ದಿಟ್ಟುಕೊಳ್ಳಲು ಹೆಚ್ಚು ಹೇಳುತ್ತದೆ. ಎರಡರಲ್ಲೂ ಲಾಭ ಎಲ್ಲಿದೆಯೋ ಅತ್ತ ಅಂದಾಜು ಸರಿಯುತ್ತದೆ. ಇದನ್ನು ಮೇಪ್ ಕಾಣುವುದಿಲ್ಲ. ಪ್ರದೇಶವಾರು ಬಯಾಸ್ ತೆಗೆದು ಆರು ತಿಂಗಳು ಪಕ್ಕಪಕ್ಕದಲ್ಲಿಟ್ಟರೆ ಯಾರ ಅಂಕಿ ಸದಾ ಒಂದೇ ಕಡೆಗಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಸಂಕೀರ್ಣವಾದ ವಿಧಾನವೇ ಒಳ್ಳೆಯದಿರಬೇಕು ಎಂಬ ನಂಬಿಕೆಗೆ ಮೊದಲ ದೊಡ್ಡ ಪೆಟ್ಟು ಕೊಟ್ಟವರು ಗ್ರೀಸ್ ಮೂಲದ ಸ್ಪೈರೋಸ್ ಮಕ್ರಿಡಾಕಿಸ್. 1979ರಲ್ಲಿ ಮಿಶೆಲ್ ಇಬೋ ಜೊತೆಗೂಡಿ ಅವರು 111 ಸರಣಿಗಳ ಮೇಲೆ, 1982ರಲ್ಲಿ ಹಲವು ತಜ್ಞರನ್ನು ಸೇರಿಸಿಕೊಂಡು 1,001 ಸರಣಿಗಳ ಮೇಲೆ ಅನೇಕ ವಿಧಾನಗಳನ್ನು ಪಂದ್ಯಕ್ಕೆ ಬಿಟ್ಟರು. ಕೊನೆಯ ಕೆಲವು ಅಂಕಿಗಳನ್ನು ಮುಚ್ಚಿಟ್ಟು ಎಲ್ಲರಿಂದಲೂ ಅಂದಾಜು ಪಡೆದು ತೂಗಿದಾಗ, ಗಣಿತದಲ್ಲಿ ಭಾರವಾದ ವಿಧಾನಗಳು ಸರಳವಾದವುಗಳಿಗಿಂತ ಒಟ್ಟಾರೆಯಾಗಿ ಮೇಲುಗೈ ಸಾಧಿಸಲಿಲ್ಲ. ಯಾವುದು ಗೆಲ್ಲುತ್ತದೆ ಎಂಬುದು ಅಳತೆಯನ್ನೂ ಎಷ್ಟು ದೂರದ ಅಂದಾಜು ಎಂಬುದನ್ನೂ ಅವಲಂಬಿಸಿ ಬದಲಾಗುತ್ತಿತ್ತು. ಹೀಗಾಗಿ ದುಬಾರಿ ತಂತ್ರಾಂಶ ಮಾರಲು ಬಂದವರು ‘ನಮ್ಮ ಮೇಪ್ ಶೇ 9’ ಎಂದರೆ, ‘ಹೋದ ವರ್ಷದ ಅಂಕಿಯನ್ನು ಹಾಗೇ ನಕಲು ಮಾಡಿದರೆ ಎಷ್ಟು ಬರುತ್ತದೆ?’ ಎಂದು ಮರುಪ್ರಶ್ನೆ ಹಾಕಬೇಕು. 1958ರಲ್ಲಿ ಆ ನಕಲಿನ ಮೇಪ್ ಶೇ 3.1 ಇತ್ತು, 1959ರಲ್ಲಿ ಶೇ 11. ಶೇ 9 ಒಳ್ಳೆಯದೋ ಕೆಟ್ಟದ್ದೋ ಎಂಬುದು ಆ ಎರಡು ವರ್ಷಗಳಲ್ಲಿ ಬೇರೆ ಬೇರೆ.

ಹಾಗಾದರೆ ವಿಮಾನ ಕಂಪನಿಯ ಯೋಜಕರು 1961ಕ್ಕೆ ಯಾವ ವಿಧಾನ ಹಿಡಿಯಬೇಕಿತ್ತು? ತಿಂಗಳ ಮುಂಚೆ ತೀರ್ಮಾನಿಸಬಹುದಾದ ವಿಷಯಗಳಿಗೆ, ಅಂದರೆ ಕೌಂಟರ್ ಸಿಬ್ಬಂದಿಯ ಪಾಳಿ, ಊಟದ ಗುತ್ತಿಗೆಯಂಥವಕ್ಕೆ, ಈಚಿನ ಮೂರು ತಿಂಗಳ ಅನುಪಾತ ಬಳಸುವ ನಾಲ್ಕನೆಯ ವಿಧಾನ ಸಾಕು. ಮೂರು ವರ್ಷವೂ ಶೇ 3.6ರೊಳಗೆ ನಿಂತ ಅಂದಾಜು ಅದು. ವರ್ಷಕ್ಕೆ ಮೊದಲೇ ಹಣ ಕಟ್ಟಬೇಕಾದ ವಿಷಯಗಳಿಗೆ ಉಳಿದಿರುವುದು ಬೆಳವಣಿಗೆಯ ವಿಧಾನ. ಅದರ ಮೂರು ವರ್ಷದ ಸರಾಸರಿ ಮೇಪ್ ಶೇ 6.6, ನಕಲು ವಿಧಾನದ್ದು ಶೇ 8.1. ಆದರೆ ಅದನ್ನು ಹಿಡಿದವರು ಅದು ಮೂರರಲ್ಲಿ ಎರಡು ವರ್ಷ ಎಂಟು ಶೇಕಡಾದಷ್ಟು ಒಂದೇ ಕಡೆ ವಾಲಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಎರಡೂ ಕಡೆಗೆ ಅಷ್ಟು ಜಾಗ ಬಿಟ್ಟು ಒಪ್ಪಂದ ಮಾಡಿಕೊಳ್ಳಬೇಕಿತ್ತು, ಮತ್ತು ಏಪ್ರಿಲ್ ಕೊನೆಗೆ ಟ್ರ್ಯಾಕಿಂಗ್ ಸಿಗ್ನಲ್ ನೋಡಿ ಬೇಸಿಗೆಯ ಸೀಟುಗಳನ್ನು ಮರುಪರಿಶೀಲಿಸಬೇಕಿತ್ತು.